ಶಿಫ್ಟ್, ಟೂರ್, ಸಂಸಾರ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮನೆಯವರು 14 ವರ್ಷದಿಂದ ಶಿಫ್ಟ್‌ನಲ್ಲಿ ಕೆಲಸ ಮಾಡುತ್ತಾರೆ. ನಡುವೆ ಮೂರು ವರ್ಷ ತಿಂಗಳಲ್ಲಿ ಎರಡು ವಾರ ಟೂರ್ ಕೂಡ ಇತ್ತು. ಇದೇ ಪಾಡು ಪಡುತ್ತಿರುವ ಗೆಳತಿಯರು, ಅವರ ಗಂಡಂದಿರು, ಎಷ್ಟೋ ಸಲ ಗುರುತಿಲ್ಲದವರೂ ನನ್ನನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ಮೊದಲಿಗೆ ಎಲ್ಲರೂ ಕೇಳುವಂಥವು, ಆಮೇಲೆ ಕಷ್ಟದವು.

## ಶುರುವಿನ ಪ್ರಶ್ನೆಗಳು

ಎರಡು ವಾರ ಕಾದು ಕೂತಿರ್ತೀನಿ. ಅವರು ಬಂದ ದಿನಾನೇ ಜಗಳ ಆಗತ್ತೆ. ನಮ್ಮಲ್ಲೇ ಏನೋ ದೋಷ ಇದೆಯಾ?

ಇಲ್ಲ. ಎಲ್ಲಕ್ಕಿಂತ ಜಾಸ್ತಿ ಜನ ಕೇಳುವುದು ಇದನ್ನೇ. ದೂರ ಇರುವುದು ಕಷ್ಟ ಅಂದುಕೊಂಡಿರುತ್ತೇವೆ. ನಿಜವಾಗಿ ಕಷ್ಟ ಇರುವುದು ಮತ್ತೆ ಕೂಡಿಕೊಳ್ಳುವುದರಲ್ಲಿ.

ಸಮುದ್ರದ ನಡುವಿನ ಎಣ್ಣೆ ಬಾವಿಗಳಲ್ಲಿ ಕೆಲಸ ಮಾಡುವವರು ಕೆಲವು ವಾರ ಅಲ್ಲಿ, ಕೆಲವು ವಾರ ಮನೆಯಲ್ಲಿ ಇರುತ್ತಾರೆ. ಅವರ ಹೆಂಡತಿಯರ ಬಗ್ಗೆ 1985ರಲ್ಲಿ ಬ್ರಿಟನ್ನಿನ ಮನೋವೈದ್ಯರ ಪತ್ರಿಕೆಯೊಂದರಲ್ಲಿ ಲೇಖನ ಬಂದಿತ್ತು. ಗಂಡ ಹೋಗುವುದು, ಬರುವುದು, ಮತ್ತೆ ಹೋಗುವುದು, ಈ ತಿರುವುಗಳ ಸುತ್ತಲೇ ಅವರ ಆತಂಕ, ಬೇಸರ ಸುತ್ತುತ್ತಿತ್ತು. ಅಂದರೆ ಇದು ನಿಮ್ಮಿಬ್ಬರ ಸ್ವಭಾವದ ತಪ್ಪಲ್ಲ. ಈ ಥರದ ಬದುಕಿನ ಜೊತೆಗೇ ಬರುವ ತೊಂದರೆ.

ಕಾರಣ ಸರಳ. ಅವರಿಲ್ಲದ ಎರಡು ವಾರದಲ್ಲಿ ಮನೆ ಒಬ್ಬರ ಕೈಯಲ್ಲಿ ಒಂದು ಲಯಕ್ಕೆ ಬಂದಿರುತ್ತದೆ. ಬಂದವರಿಗೆ ಮನೆ ಎಂದರೆ ವಿಶ್ರಾಂತಿ. ಮನೆಯಲ್ಲಿದ್ದವರಿಗೆ ಅವರು ಬಂದರೆಂದರೆ ಕೊನೆಗೂ ಭಾರ ಇಳಿಸಬಹುದು ಎಂಬ ಆಸೆ. ಇಬ್ಬರೂ ಒಂದೇ ಹೊತ್ತಿಗೆ ಇನ್ನೊಬ್ಬರಿಂದ ಬಿಡುವು ಬಯಸುತ್ತಾರೆ. ಕೊಡುವುದಕ್ಕೆ ಇಬ್ಬರ ಹತ್ತಿರವೂ ಏನೂ ಉಳಿದಿರುವುದಿಲ್ಲ.

ಒಮ್ಮೆ ನಮ್ಮನೆಯವರು ಮೂರು ವಾರ ಬಿಟ್ಟು ಬಂದವರು, ಪ್ರೀತಿಯಿಂದಲೇ, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒರೆಸಿ ಬೇರೆ ಸಾಲಿನಲ್ಲಿ ಜೋಡಿಸಿಟ್ಟರು. ಮಾರನೇ ದಿನ ಬೆಳಿಗ್ಗೆ ಉಪ್ಪಿನ ಡಬ್ಬಿ ಇದ್ದ ಜಾಗಕ್ಕೆ ನನ್ನ ಕೈ ತಾನಾಗೇ ಹೋಯಿತು. ಸಿಕ್ಕಿದ್ದು ಸಕ್ಕರೆ. ನಾನು ಎಷ್ಟು ಜೋರಾಗಿ ಕೂಗಾಡಿದೆ ಅಂದರೆ ಅವರು ಒರೆಸುವ ಬಟ್ಟೆ ಕೈಯಲ್ಲೇ ಹಿಡಿದು ನಿಂತುಬಿಟ್ಟರು. ನನಗೆ ಸಿಟ್ಟು ಬಂದಿದ್ದು ಉಪ್ಪಿಗಲ್ಲ. ನನ್ನನ್ನು ಕೇಳದೆ ನನ್ನ ಮೂರು ವಾರವನ್ನು ಅಳಿಸಿಬಿಟ್ಟ ಹಾಗೆ ಅನಿಸಿತ್ತು.

ಆಮೇಲೆ ನಾವು ಮಾಡಿಕೊಂಡ ಕಟ್ಟಳೆ ಇದು: ಬಂದ ಮೊದಲ 24 ಗಂಟೆ ದುಡ್ಡು, ಮಕ್ಕಳ ಓದು, ನೆಂಟರು, ಮುಂದಿನ ಟೂರ್, ಇವು ಯಾವುದರ ತೀರ್ಮಾನವೂ ಇಲ್ಲ. ಸ್ನಾನ, ಊಟ, ನಿದ್ದೆ. ಬಂದವರು ಮನೆಯಲ್ಲಿ ಏನನ್ನೂ ಬದಲಾಯಿಸುವುದಿಲ್ಲ, ಸುಮ್ನೆ ನೋಡುತ್ತಾರೆ. ಮನೆಯಲ್ಲಿದ್ದವರು ದೂರಿನ ಪಟ್ಟಿ ತೆಗೆಯುವುದಿಲ್ಲ. ಪಟ್ಟಿಗೆ ಮಾರನೇ ದಿನ ಒಂದು ಹೊತ್ತು ಗೊತ್ತು ಮಾಡಿರುತ್ತೇವೆ. ಹೊತ್ತು ಗೊತ್ತಿದ್ದರೆ ಕಾಯುವುದು ಅಷ್ಟು ಕಷ್ಟವಲ್ಲ. ‘ಆಮೇಲೆ ನೋಡೋಣ’ ಅಂದರೆ ಮಾತ್ರ ಕಾಯಲಾಗುವುದಿಲ್ಲ.

ನೈಟ್ ಶಿಫ್ಟ್ ಮುಗಿಸಿ ಬಂದು ಮಧ್ಯಾಹ್ನದವರೆಗೂ ಮಲಗಿರ್ತಾರೆ. ಎದ್ದ ಮೇಲೂ ಮುಖ ಗಂಟು. ಇಷ್ಟು ಮಲಗಿದ್ರೂ ಸಾಲಲ್ವಾ?

ಸಾಲುವುದಿಲ್ಲ. ನಮ್ಮ ಮೈಯೊಳಗಿನ ಗಡಿಯಾರ ಬೆಳಕಿನ ಜೊತೆ ನಡೆಯುತ್ತದೆ. ಬೆಳಗಿನ ಜಾವ ನಾಲ್ಕೈದು ಗಂಟೆಯ ಹೊತ್ತಿಗೆ ಮೈಯ ಬಿಸಿ ತೀರಾ ಕಡಿಮೆ ಇರುತ್ತದೆ, ಆಮೇಲೆ ಏರುತ್ತಾ ಹೋಗುತ್ತದೆ. ಏರುತ್ತಿರುವಾಗ ಮಲಗಿದರೆ ಮೈ ತಾನಾಗೇ ಎಬ್ಬಿಸುತ್ತದೆ. ಅದಕ್ಕೇ ಹಗಲಿನ ನಿದ್ದೆ ಸಾಮಾನ್ಯವಾಗಿ ರಾತ್ರಿಯದಕ್ಕಿಂತ ಒಂದೆರಡು ಗಂಟೆ, ಕೆಲವರಿಗೆ ಇನ್ನೂ ಜಾಸ್ತಿ, ಕಡಿಮೆಯಾಗುತ್ತದೆ. ಆ ನಿದ್ದೆಯೂ ಹಗುರ, ಒಂದು ಸಣ್ಣ ಸದ್ದಿಗೆ ಒಡೆಯುತ್ತದೆ.

ಲೆಕ್ಕ ಹೀಗೆ ಹಾಕಿ ನೋಡಿ. ನೀವು ರಾತ್ರಿ 11ಕ್ಕೆ ಮಲಗುತ್ತೀರಿ. ಅವರು ಬೆಳಿಗ್ಗೆ 9ಕ್ಕೆ. ಹಾಗಾದರೆ ಅವರ ಮಧ್ಯಾಹ್ನ 12 ಗಂಟೆ ಎಂದರೆ ನಿಮ್ಮ ರಾತ್ರಿ 2 ಗಂಟೆ. ‘ಒಂದೇ ನಿಮಿಷ, ಬೀಗದ ಕೈ ಎಲ್ಲಿಟ್ಟಿದ್ದೀರಿ’ ಅಂತ 12ಕ್ಕೆ ಎಬ್ಬಿಸುವುದು, ನಿಮ್ಮನ್ನು ರಾತ್ರಿ 2ಕ್ಕೆ ಎಬ್ಬಿಸಿದ ಹಾಗೆ.

ಕೋಣೆ ಕತ್ತಲಾಗಿರಲಿ, ಕಿಟಕಿಗೆ ದಪ್ಪ ಪರದೆ ಇರಲಿ. ಕರೆಗಂಟೆಯ ಸ್ವಿಚ್ ಆರಿಸಿ. ಯಾವುದಕ್ಕೆ ಎಬ್ಬಿಸಬಹುದು ಎಂದು ಮೊದಲೇ ಇಬ್ಬರೂ ಮಾತಾಡಿಕೊಳ್ಳಿ. ನಮ್ಮ ಪಟ್ಟಿಯಲ್ಲಿ ಮೂರೇ ಇವೆ: ಮಗುವಿಗೆ ಜ್ವರ, ಹಿರಿಯರಿಗೆ ಹುಷಾರಿಲ್ಲ, ಮನೆಗೆ ಅಪಾಯ. ಎದ್ದ ಕೂಡಲೇ ಮಾತು ಬೇಡ. ನಿದ್ದೆಯ ಮಂಪರು ಪೂರ್ತಿ ಇಳಿಯಲು ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ ಬೇಕಾಗುತ್ತದೆ. ಆ ಗಂಟು ಮುಖ ನಿಮ್ಮ ಮೇಲಿನದಲ್ಲ.

ಹೊರದೇಶದಿಂದ ಬಂದು ನಾಲ್ಕು ದಿನ ಮಂಕಾಗಿರ್ತಾರೆ. ಮನೆಗೆ ಬರೋಕೆ ಇಷ್ಟ ಇಲ್ವೇನೋ ಅನ್ಸತ್ತೆ.

ಜೆಟ್ ಲ್ಯಾಗ್ ಅದು. ಗಡಿಯಾರದ ಒಂದು ಗಂಟೆ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಬೇಕು ಅಂತ ಇಟ್ಟುಕೊಳ್ಳಿ. ಪೂರ್ವದ ಕಡೆ ಹಾರಿ ಬಂದವರಿಗೆ ಪಶ್ಚಿಮದ ಕಡೆ ಹೋದವರಿಗಿಂತ ಜಾಸ್ತಿ ಹಿಡಿಯುತ್ತದೆ. ಐದು ಗಂಟೆ ವ್ಯತ್ಯಾಸದ ಊರಿನಿಂದ ಬಂದವರು ನಾಲ್ಕನೇ ದಿನವೂ ಮಂಕಾಗಿದ್ದರೆ ಅದರಲ್ಲಿ ಏನೂ ಅರ್ಥ ಹುಡುಕಬೇಡಿ. ಹತ್ತನೇ ದಿನವೂ ಹಾಗೇ ಇದ್ದರೆ ಕೂತು ಕೇಳಿ.

ದಿನಕ್ಕೆ ಎಷ್ಟು ಸಲ ಫೋನ್ ಮಾಡಬೇಕು?

ಎಷ್ಟು ಸಲ ಅನ್ನುವುದಕ್ಕಿಂತ ಯಾವಾಗ ಅನ್ನುವುದು ಮುಖ್ಯ. ದಿನಕ್ಕೆ ಒಂದೇ ಸಲ, ಹತ್ತೇ ನಿಮಿಷ, ಆದರೆ ಹೇಳಿದ ಹೊತ್ತಿಗೆ. ತಡ ಆಗುವುದಾದರೆ ಒಂದು ಸಾಲು ಮೆಸೇಜ್. ಹೊತ್ತಿಲ್ಲದೆ ಬರುವ ಆರು ಫೋನಿಗಿಂತ ಹೇಳಿದ ಹೊತ್ತಿಗೆ ಬರುವ ಒಂದು ಫೋನು ಮನಸ್ಸಿಗೆ ಜಾಸ್ತಿ ಸಮಾಧಾನ ಕೊಡುತ್ತದೆ. ಆ ಹತ್ತು ನಿಮಿಷದಲ್ಲಿ ಕರೆಂಟ್ ಬಿಲ್ ಬೇಡ. ಅದಕ್ಕೆ ಮೆಸೇಜ್ ಸಾಕು.

## ದಿನ ನಡೆಸುವ ಪ್ರಶ್ನೆಗಳು

ಒಂದೇ ಮನೇಲಿದ್ದೀವಿ, ಆದ್ರೂ ವಾರಗಟ್ಟಲೆ ಮಾತೇ ಆಗಿರಲ್ಲ. ಟೈಮ್ ಎಲ್ಲಿ ಹೋಗತ್ತೆ?

ಇದಕ್ಕೆ ಒಂದು ಮನೆಯ ಲೆಕ್ಕವನ್ನೇ ಬಿಡಿಸಿ ತೋರಿಸುತ್ತೇನೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಸೋಮವಾರದಿಂದ ಗುರುವಾರದವರೆಗೆ ನಾಲ್ಕು ನೈಟ್, ರಾತ್ರಿ 8ರಿಂದ ಬೆಳಿಗ್ಗೆ 8. ಗಂಡನಿಗೆ ಹಗಲಿನ ಆಫೀಸ್. ಆರು ವರ್ಷದ ಮಗಳು. ‘ಇಬ್ಬರೂ ರಾತ್ರಿ ಹಗಲು ಇದೇ ಮನೆಗೆ ಬರ್ತೀವಲ್ಲ, ಹೇಗೋ ನಡೆಯತ್ತೆ’ ಅಂದುಕೊಂಡಿದ್ದರು.

ನಾವು ಒಂದು ಹಾಳೆ ತೆಗೆದುಕೊಂಡು ಗೆರೆ ಎಳೆದೆವು. ಎಲ್ಲರೂ ಮೊದಲು ಡ್ಯೂಟಿ ಗುರುತು ಹಾಕುತ್ತಾರೆ. ಅದು ತಪ್ಪು. ಮೊದಲು ನಿದ್ದೆ ಗುರುತು ಹಾಕಬೇಕು. ಆಕೆ ಬೆಳಿಗ್ಗೆ ಎಂಟೂವರೆಗೆ ಮನೆಗೆ ಬರುತ್ತಾಳೆ. ಒಂಬತ್ತೂವರೆಗೆ ಮಲಗಿ ಮಧ್ಯಾಹ್ನ ಮೂರೂವರೆಗೆ ಏಳುತ್ತಾಳೆ. ರಾತ್ರಿ ಏಳೂವರೆಗೆ ಮತ್ತೆ ಹೊರಡುತ್ತಾಳೆ. ಅವನು ಮಗಳನ್ನು ಕರೆದುಕೊಂಡು ಎಂಟೂಮುಕ್ಕಾಲಿಗೆ ಹೊರಟರೆ ಸಂಜೆ ಆರೂವರೆಗೆ ವಾಪಸ್. ಈಗ ಇಬ್ಬರೂ ಎಚ್ಚರವಾಗಿ ಮನೆಯಲ್ಲಿರುವ ಹೊತ್ತು ಎಷ್ಟು? ಬೆಳಿಗ್ಗೆ 15 ನಿಮಿಷ, ಸಂಜೆ ಒಂದು ಗಂಟೆ. ಆ ಬೆಳಗಿನ 15 ನಿಮಿಷದಲ್ಲಿ ಒಬ್ಬರು ಶೂ ಬಿಚ್ಚುತ್ತಿರುತ್ತಾರೆ, ಇನ್ನೊಬ್ಬರು ಶೂ ಹಾಕುತ್ತಿರುತ್ತಾರೆ. ಸಂಜೆಯ ಒಂದು ಗಂಟೆಯಲ್ಲಿ ಊಟ, ಯೂನಿಫಾರ್ಮ್, ಮಗಳ ಹೋಮ್‌ವರ್ಕ್.

ಹಾಳೆ ನೋಡಿ ಇಬ್ಬರೂ ಸುಮ್ಮನಾದರು. ಮಾತು ಆಗದಿರುವುದಕ್ಕೆ ಪ್ರೀತಿ ಕಡಿಮೆಯಾಗಿದ್ದಲ್ಲ, ಹೊತ್ತೇ ಇರಲಿಲ್ಲ ಅನ್ನುವುದು ಕಣ್ಣಿಗೆ ಕಂಡಿತು. ಇದ್ದ ಆ 75 ನಿಮಿಷವನ್ನೂ ‘ಗ್ಯಾಸ್ ಬುಕ್ ಮಾಡಿದ್ಯಾ’, ‘ಅವಳ ಕೆಮ್ಮಿನ ಔಷಧಿ ಕೊಟ್ಯಾ’ ಅನ್ನುವ ಮಾತೇ ತಿಂದುಹಾಕುತ್ತಿತ್ತು.

ಅವರು ಎರಡೇ ಬದಲಾವಣೆ ಮಾಡಿಕೊಂಡರು. ಮನೆ ಕೆಲಸದ ಮಾತೆಲ್ಲ ಬಾಗಿಲ ಪಕ್ಕ ತೂಗುಹಾಕಿದ ಒಂದು ನೋಟ್‌ಬುಕ್ಕಿಗೆ ಹೋಯಿತು. ಮನೆಗೆ ಬಂದವರು ಅದನ್ನು ಓದಬೇಕು, ಹೊರಡುವವರು ಬರೆದು ಹೋಗಬೇಕು. ಆಸ್ಪತ್ರೆಯಲ್ಲಿ ಒಂದು ಶಿಫ್ಟಿನವರು ಇನ್ನೊಂದು ಶಿಫ್ಟಿನವರಿಗೆ ಹ್ಯಾಂಡೋವರ್ ಕೊಡುವ ಹಾಗೇ ಇದು. ಅದನ್ನೇ ಮನೆಗೂ ತರೋಣ ಎಂದು ಹೊಳೆದಿದ್ದು ಅವಳಿಗೇ. ಎರಡನೆಯದು, ಸಂಜೆ 6:45ರಿಂದ 7:05ರವರೆಗೆ ಮೂವರೂ ಕೂತು ಊಟ. ಆಗ ನೋಟ್‌ಬುಕ್ ಇಲ್ಲ, ಫೋನ್ ಇಲ್ಲ.

ಶುಕ್ರವಾರ ಬೇರೆ ಲೆಕ್ಕ. ಕೊನೆಯ ನೈಟ್ ಮುಗಿಸಿ ಬಂದ ದಿನ ಪೂರ್ತಿ ಮಲಗಿದರೆ ಆ ರಾತ್ರಿ ನಿದ್ದೆ ಬರದೆ ಶನಿವಾರವೂ ಕೆಡುತ್ತದೆ. ಅದಕ್ಕೆ ಆಕೆ ಒಂಬತ್ತೂವರೆಯಿಂದ ಒಂದು ಗಂಟೆಯವರೆಗೆ ಮಾತ್ರ ಮಲಗಿ, ರಾತ್ರಿ ಬೇಗ ಹಾಸಿಗೆ ಸೇರುತ್ತಾಳೆ. ಶುಕ್ರವಾರ ಸಂಜೆಗೆ ಯಾವ ಕಾರ್ಯಕ್ರಮವೂ ಇಲ್ಲ, ಯಾರ ಮನೆಗೂ ಹೋಗುವುದಿಲ್ಲ. ಮೊದಲೆಲ್ಲ ಅವರ ದೊಡ್ಡ ಜಗಳಗಳು ಆಗುತ್ತಿದ್ದದ್ದು ಶುಕ್ರವಾರ ಸಂಜೆಯೇ. ‘ಇವತ್ತು ರಜೆ ಅಲ್ವಾ’ ಅಂತ ಅವನು ಏನೋ ಇಟ್ಟುಕೊಂಡಿರುತ್ತಿದ್ದ, ಅವಳು ಕೂತಲ್ಲೇ ತೂಕಡಿಸುತ್ತಿದ್ದಳು. ಈಗ ಇಬ್ಬರ ಹೊತ್ತು ಶನಿವಾರ ಬೆಳಿಗ್ಗೆಗೆ ಹೋಗಿದೆ. ಹೊಸ ರೋಸ್ಟರ್ ಬಂದ ದಿನವೇ ಅದನ್ನು ಹಾಳೆಯಲ್ಲಿ ಗುರುತು ಹಾಕುತ್ತಾರೆ. ಉಳಿದದ್ದೆಲ್ಲ ಆಮೇಲೆ.

ನಿಮ್ಮ ಶಿಫ್ಟ್ ಬೇರೆ ಇರಬಹುದು, ಲೆಕ್ಕ ಹಾಕುವ ರೀತಿ ಇದೇ. ನಿದ್ದೆ, ಓಡಾಟ, ಡ್ಯೂಟಿ ಈ ಸಾಲಿನಲ್ಲಿ ಗುರುತು ಹಾಕಿ ಉಳಿದದ್ದನ್ನು ನೋಡಿ.

ಅವರಿಲ್ಲದಾಗ ಎಲ್ಲಾ ನಾನೇ ತೀರ್ಮಾನ ಮಾಡ್ತೀನಿ. ಬಂದ ಮೇಲೆ ‘ಯಾಕೆ ಹೀಗೆ ಮಾಡಿದೆ’ ಅಂತಾರೆ. ಏನು ಮಾಡೋದು?

ನಿಜ ಹೇಳುತ್ತೇನೆ, ನನ್ನ ಪಕ್ಷಪಾತ ಮನೆಯಲ್ಲಿ ಇದ್ದವರ ಕಡೆಗೇ. ಆ ಹೊತ್ತಿಗೆ ಯಾರು ಅಲ್ಲಿದ್ದರೋ ಅವರ ತೀರ್ಮಾನ ನಿಲ್ಲಬೇಕು. ಮಗು ಅಳುತ್ತಾ ನಿಂತಿದೆ, ಟೀಚರ್ ಫೋನ್ ಮಾಡಿದ್ದಾರೆ, ಗಂಡ ವಿಮಾನದಲ್ಲಿದ್ದಾನೆ. ಆಗ ಮಾಡಿದ ತೀರ್ಮಾನವನ್ನು ಮೂರು ದಿನ ಬಿಟ್ಟು ಬಂದು ತೂಗಿ ನೋಡುವುದು ನ್ಯಾಯವಲ್ಲ.

ಆದರೆ ಬಂದವರ ಕಡೆಯದನ್ನೂ ಹೇಳಬೇಕು. ಮನೆಯಲ್ಲಿ ತನಗೇ ಜಾಗ ಇಲ್ಲ, ತಾನು ದುಡ್ಡು ಕಳಿಸುವ ಅತಿಥಿ ಅನ್ನುವ ಭಾವನೆ ಅವರಿಗೂ ಬರುತ್ತದೆ. ಒಬ್ಬರು ನನಗೆ ಬರೆದಿದ್ದರು: ‘ಮಗಳು ನನ್ನ ಮುಂದೆಯೇ ನಿಂತು, ನಾನು ಹೂಂ ಅಂದ ಮೇಲೂ, ಅಮ್ಮನ ಮುಖ ನೋಡುತ್ತಾಳೆ.’ ಓದಿ ಗಂಟಲು ಕಟ್ಟಿತು.

ಅದಕ್ಕೆ ಎರಡು ಗುಂಪು ಮಾಡಿಕೊಳ್ಳಿ. ಒಂದು, ಇದ್ದವರೇ ಮಾಡಬಹುದಾದ ತೀರ್ಮಾನ: ಶಾಲೆಯ ದಿನದ ವಿಷಯ, ಡಾಕ್ಟರ ಹತ್ತಿರ ಹೋಗುವುದು, ಮನೆ ರಿಪೇರಿ. ಇನ್ನೊಂದು, ಎಷ್ಟೇ ತಡವಾದರೂ ಇಬ್ಬರೂ ಸೇರಿಯೇ ಮಾಡುವುದು: ಸಾಲ, ಶಾಲೆ ಬದಲಾಯಿಸುವುದು, ಆಪರೇಷನ್, ಮನೆಗೆ ಯಾರಾದರೂ ಬಂದು ಉಳಿಯುವುದು. ಇದರ ಜೊತೆಗೆ ಬಂದವರ ಕೈಯಲ್ಲೇ ಇರುವ ಕೆಲಸವೂ ಒಂದೆರಡು ಇರಲಿ. ಮಲಗುವಾಗ ಕಥೆ ಹೇಳುವುದು ಅಪ್ಪನದೇ ಆದರೆ ಅಪ್ಪ ಊರಲ್ಲಿದ್ದಾಗ ಅಮ್ಮ ಹೇಳಬಾರದು. ಅವನು ದೂರ ಇದ್ದಾಗ ಫೋನಿನಲ್ಲಾದರೂ ಅವನೇ ಹೇಳಲಿ. ಜಾಗ ಖಾಲಿ ಇಟ್ಟರೆ ಬಂದವರು ಕೂರುತ್ತಾರೆ.

ಮನೆಯಲ್ಲಿ ಇರೋ ನನಗೆ ರಜೆ ಯಾವಾಗ?

ಟೂರ್ ಮುಗಿಸಿ ಬಂದವರ ದಣಿವು ಎಲ್ಲರಿಗೂ ಕಾಣುತ್ತದೆ. ಹತ್ತು ರಾತ್ರಿ ಒಬ್ಬರೇ ಎದ್ದು ಮಗುವನ್ನು ನೋಡಿಕೊಂಡವರ ದಣಿವು ಕಾಣುವುದಿಲ್ಲ. ಬಂದವರ ನಿದ್ದೆ ತೀರಿದ ಮೇಲೆ, ಅಂದರೆ ಎರಡನೇ ಅಥವಾ ಮೂರನೇ ದಿನ, ಮನೆಯಲ್ಲಿದ್ದವರಿಗೆ ಅರ್ಧ ದಿನ ಪೂರ್ತಿ ಬಿಡುವು. ಮನೆಯಿಂದ ಹೊರಗೇ ಹೋಗಬೇಕು. ಮನೆಯಲ್ಲೇ ಇದ್ದರೆ ‘ಅದೆಲ್ಲಿದೆ, ಇದೆಲ್ಲಿದೆ’ ಶುರುವಾಗುತ್ತದೆ. ಇದನ್ನು ಟೂರ್ ಗೊತ್ತಾದ ದಿನವೇ ಕ್ಯಾಲೆಂಡರಿನಲ್ಲಿ ಬರೆದಿಡಿ, ಕೊನೆಗೆ ಕೇಳಿ ಪಡೆಯುವ ಹಾಗೆ ಆಗಬಾರದು.

## ಕಷ್ಟದ ಪ್ರಶ್ನೆಗಳು

ಜಗಳ ಅರ್ಧಕ್ಕೆ ನಿಲ್ಲಿಸಿ ಡ್ಯೂಟಿಗೆ ಹೋಗ್ತಾರೆ. ನಾನು ಇಡೀ ರಾತ್ರಿ ಅದನ್ನೇ ಯೋಚಿಸ್ತಾ ಇರ್ತೀನಿ. ಬಂದ ತಕ್ಷಣ ಮಾತಾಡಿ ಮುಗಿಸೋದು ಒಳ್ಳೇದಲ್ವಾ?

ಬಂದ ತಕ್ಷಣ ಬೇಡವೇ ಬೇಡ. 17 ಗಂಟೆ ನಿದ್ದೆಯಿಲ್ಲದೆ ಇದ್ದವರ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಮಧ್ಯಾಹ್ನ ಮೂರೂವರೆಗೆ ಎದ್ದು ನೈಟ್ ಮಾಡಿ ಬೆಳಿಗ್ಗೆ ಎಂಟೂವರೆಗೆ ಬಾಗಿಲು ತಟ್ಟುವವರಿಗೆ ಆಗ ಸರಿಯಾಗಿ 17 ಗಂಟೆ ಆಗಿರುತ್ತದೆ. ಕುಡಿದವರ ಜೊತೆ ಸಂಸಾರದ ದೊಡ್ಡ ಮಾತು ಯಾರೂ ಎತ್ತುವುದಿಲ್ಲ. ಇದೂ ಹಾಗೇ.

ಹಾಗಂತ ರಾತ್ರಿಯಿಡೀ ಕುದಿಯುವುದೂ ಆಗದ ಮಾತು. ಹೊರಡುವವರು ಬಾಗಿಲಲ್ಲಿ ಮೂರು ಸಂಗತಿ ಹೇಳಿ ಹೋಗಬೇಕು: ‘ಮಾತು ಮುಗಿದಿಲ್ಲ ಅಂತ ನನಗೂ ಗೊತ್ತು. ನಾಳೆ ಸಂಜೆ ಐದಕ್ಕೆ ಕೂರೋಣ. ನಾನು ಸಿಟ್ಟಿನಲ್ಲಿ ಹೋಗ್ತಾ ಇಲ್ಲ.’ ಸಿಟ್ಟಿದ್ದರೆ ‘ಸಿಟ್ಟಿದೆ, ಆದರೂ ಐದಕ್ಕೆ ಕೂರೋಣ’ ಅನ್ನಬಹುದು. ಐದಕ್ಕೆ ಮಾತು ಎತ್ತಬೇಕಾದವರು ಮುಂದೂಡಿದವರೇ. ಅವರು ಎರಡು ಸಲ ಎತ್ತದಿದ್ದರೆ, ಡ್ಯೂಟಿ ಅನ್ನುವುದು ತಪ್ಪಿಸಿಕೊಳ್ಳುವ ದಾರಿಯಾಗಿದೆ ಅಂತಲೇ ಅರ್ಥ. ಅದನ್ನು ಹಾಗೆಯೇ ನೇರವಾಗಿ ಹೇಳಿ.

ಕಾದು ಕೂತವರು ಉದ್ದ ಮೆಸೇಜ್ ಬರೆಯಿರಿ, ಕಳಿಸಬೇಡಿ. ಐದು ಗಂಟೆಗೆ ಅದನ್ನು ಓದಿ ನೋಡಿ. ಅದರಲ್ಲಿ ಎರಡು ಸಾಲು ಉಳಿಯುತ್ತದೆ, ಹೇಳಬೇಕಾದದ್ದು ಅದೇ.

ಫೋನ್ ತೆಗೀದಿದ್ರೆ ಏನೇನೋ ಯೋಚನೆ ಬರತ್ತೆ. ಲೊಕೇಶನ್ ಶೇರ್ ಮಾಡ್ಕೊಳ್ಳೋಣ ಅಂದ್ರೆ ತಪ್ಪಾ?

ದಾರಿಯಲ್ಲಿ ಏನಾದರೂ ಆದರೆ ಗೊತ್ತಾಗಲಿ ಅಂತ ಇಬ್ಬರೂ ಒಪ್ಪಿ ಹಾಕಿಕೊಂಡರೆ ತಪ್ಪಲ್ಲ. ಅನುಮಾನಕ್ಕೆ ಮದ್ದು ಅಂತ ಹಾಕಿಕೊಂಡರೆ ಪ್ರಯೋಜನವಿಲ್ಲ. ಚುಕ್ಕೆ ಎಲ್ಲಿದೆ ಅಂತ ಗೊತ್ತಾಗುತ್ತದೆ, ಯಾರ ಜೊತೆ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ನೋಡುವ ಚಟ ಮಾತ್ರ ಹತ್ತುತ್ತದೆ.

ಮೊದಲು ಇಷ್ಟು ಮಾಡಿ ನೋಡಿ. ಹೊರಡುವ ಮುಂಚೆ ಯಾವ ಹೊತ್ತಿನಲ್ಲಿ ಫೋನ್ ತೆಗೆಯಲಾಗುವುದಿಲ್ಲ ಅಂತ ಹೇಳಿ ಹೋಗಲಿ: ‘10ರಿಂದ 2 ಮೀಟಿಂಗ್, 6ಕ್ಕೆ ವಿಮಾನ, ಇಳಿದು ರೂಮಿಗೆ ಸೇರಿದ ಮೇಲೆ ಮೆಸೇಜ್.’ ಮುಂಚೆ ಗೊತ್ತಿರುವ ಮೌನ ಹೆದರಿಸುವುದಿಲ್ಲ. ಹೀಗೆ ಒಂದೆರಡು ತಿಂಗಳು ಸರಿಯಾಗಿ ನಡೆದೂ ಅನುಮಾನ ಇಳಿಯದಿದ್ದರೆ ಅದರ ಬೇರು ಟೂರ್‌ನಲ್ಲಿ ಇಲ್ಲ, ಹಿಂದಿನ ಯಾವುದೋ ಗಾಯದಲ್ಲಿದೆ. ಹೇಳಿದ ಹೊತ್ತು ಮತ್ತೆ ಮತ್ತೆ ತಪ್ಪಿ, ಕೇಳಿದಾಗ ಕಾರಣವೂ ಪ್ರತಿ ಸಲ ಬದಲಾಗುತ್ತಿದ್ದರೆ ನಿಮ್ಮ ಅನುಮಾನಕ್ಕೆ ಆಧಾರ ಇದೆ. ಅದನ್ನು ಮೆಸೇಜ್‌ನಲ್ಲಿ ಎತ್ತಬೇಡಿ. ಎದುರು ಕೂತು ಕೇಳಿ.

ಬಂದ ರಾತ್ರಿನೇ ಹತ್ತಿರ ಬರಬೇಕು ಅಂತ ಅವರ ಆಸೆ. ನನಗೆ ಹೊಸಬರ ಥರ ಅನ್ಸತ್ತೆ.

ಇದನ್ನು ನಾಚಿಕೊಂಡೇ ಕೇಳುತ್ತಾರೆ, ಗಂಡಸರೂ ಕೇಳುತ್ತಾರೆ. ದೂರ ಇದ್ದವರು ಮೈಯ ಮೂಲಕ ಹತ್ತಿರ ಬರಲು ನೋಡುತ್ತಾರೆ. ಮನೆಯಲ್ಲಿದ್ದವರಿಗೆ ಮೊದಲು ಮಾತಿನ ಮೂಲಕ ಹತ್ತಿರ ಬರಬೇಕು ಅನಿಸುತ್ತದೆ. ಎರಡೂ ಆಸೆಯೇ, ಯಾವುದೂ ತಿರಸ್ಕಾರವಲ್ಲ. ಮೊದಲ ರಾತ್ರಿ ಏನೂ ಆಗಬೇಕಿಲ್ಲ ಅಂತ ಅವರು ಹೊರಡುವ ಮುಂಚೆಯೇ ಒಪ್ಪಿಕೊಂಡುಬಿಡಿ. ನಿರೀಕ್ಷೆ ಇಲ್ಲದಿದ್ದಾಗ ಪಕ್ಕದಲ್ಲಿ ಕೂತು ಕೈ ಹಿಡಿಯುವುದು ಸುಲಭ.

ಶಿಫ್ಟಿನಿಂದ ಹೀಗಾಗಿದೆಯೋ, ನಮ್ಮ ನಡುವೆಯೇ ಏನೋ ಮುರಿದಿದೆಯೋ, ಹೇಗೆ ಗೊತ್ತಾಗತ್ತೆ? ಕೆಲಸ ಬಿಡಿಸೋದೇ ದಾರಿನಾ?

ಉದ್ದ ರಜೆಯೊಂದರಲ್ಲಿ ಗಮನಿಸಿ. ಮೊದಲ ಮೂರು ನಾಲ್ಕು ದಿನ ಬಿಟ್ಟುಬಿಡಿ, ಅದು ನಿದ್ದೆಯ ಸಾಲ ತೀರಿಸುವ ಹೊತ್ತು. ಐದನೇ ದಿನದಿಂದ ಮಾತು, ನಗು ವಾಪಸ್ ಬಂದರೆ ತೊಂದರೆ ಬಹುತೇಕ ಶಿಫ್ಟಿನದು. ಇಬ್ಬರೂ ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೂ ಒಂದೇ ಕೋಣೆಯಲ್ಲಿ ಇರಲಾಗದಿದ್ದರೆ ಶಿಫ್ಟ್ ಬದಲಾಯಿಸಿ ಉಪಯೋಗವಿಲ್ಲ. ಆಗ ಆಪ್ತಸಲಹೆಗಾರರ ಹತ್ತಿರ ಹೋಗಿ, ಇಬ್ಬರೂ ಹೋಗಿ. ಅವರಲ್ಲಿ ಮೊದಲೇ ರೋಸ್ಟರ್ ಬಗ್ಗೆ ಹೇಳಿ ಹೊತ್ತು ಕೇಳಿ. ನೈಟ್ ಮುಗಿಸಿ ನೇರ ಅಲ್ಲಿಗೆ ಹೋಗಿ ಕೂತರೆ ಆ ದಿನ ವ್ಯರ್ಥ.

ತೊಂದರೆ ಶಿಫ್ಟಿನದೇ ಆದರೆ ಕೆಲಸ ಬಿಡುವ ಮುಂಚೆ ಕೇಳಬಹುದಾದದ್ದು ಇದೆ. ‘ನನಗೆ ಕಷ್ಟ ಆಗ್ತಿದೆ’ ಅಂದರೆ ಮೇಲಿನವರು ತಲೆ ಆಡಿಸಿ ಸುಮ್ಮನಾಗುತ್ತಾರೆ. ಇಂಥದ್ದೇ ಬೇಕು ಅಂತ ಕೇಳಬೇಕು. ಶಿಫ್ಟ್ ತಿರುಗುವುದು ಮುಂದಕ್ಕೆ ಇರಲಿ, ಅಂದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಈ ಕ್ರಮ. ನಮ್ಮ ಮೈಗೆ ಬೇಗ ಮಲಗುವುದಕ್ಕಿಂತ ತಡವಾಗಿ ಮಲಗುವುದು ಸುಲಭ, ಹಾಗಾಗಿ ಹಿಂದಕ್ಕೆ ತಿರುಗುವ ಶಿಫ್ಟ್ ಜಾಸ್ತಿ ದಣಿಸುತ್ತದೆ. ನೈಟ್ ಸರದಿ ಮುಗಿದ ಮೇಲೆ ಎರಡು ರಾತ್ರಿ ಮನೆಯಲ್ಲಿ ಮಲಗಲು ಸಿಗಲಿ. ರೋಸ್ಟರ್ ಎರಡು ವಾರ ಮುಂಚೆ ಕೈಗೆ ಬರಲಿ. ನಮ್ಮನೆಯವರಿಗೆ ಸಿಕ್ಕಿದ್ದು ಈ ಮೂರನೆಯದು ಮಾತ್ರ. ಆದರೂ ಎಷ್ಟೋ ವ್ಯತ್ಯಾಸ ಆಯಿತು.

ಇನ್ನು ಕೆಲವು ಗುರುತು ಕಂಡರೆ ರೋಸ್ಟರ್‌ಗಾಗಿ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ರಜೆಯ ದಿನಗಳಲ್ಲೂ ವಾರಗಟ್ಟಲೆ ನಿದ್ದೆ ಬರದಿರುವುದು, ನಿದ್ದೆಗೆ ಅಂತ ಕುಡಿತ ಅಥವಾ ಮಾತ್ರೆ ಶುರುವಾಗಿರುವುದು, ಯಾವುದರಲ್ಲೂ ಆಸೆ ಇಲ್ಲದಿರುವುದು, ಗಾಡಿ ಓಡಿಸುವಾಗ ಕಣ್ಣು ಮುಚ್ಚುವುದು. ಕೊನೆಯದನ್ನು ಅವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. ‘ಇವತ್ತು ದಾರಿಯಲ್ಲಿ ತೂಕಡಿಕೆ ಬಂತಾ?’ ಅಂತ ನಾನು ಕೇಳಿದಾಗ ಮೂರನೇ ಸಲಕ್ಕೆ ನಿಜ ಹೇಳಿದರು. ಆವತ್ತಿನಿಂದ ನೈಟ್ ವಾರಗಳಲ್ಲಿ ಗಾಡಿಯ ಕೀಲಿ ಮನೆಯಲ್ಲೇ ಇರುತ್ತದೆ, ಅವರು ಕಂಪನಿ ಬಸ್ಸಿನಲ್ಲಿ ಬರುತ್ತಾರೆ.